ವಾಪಸ್ ಬಂದ ಸೀರೆ ಹೇಳುವುದೇನು?

ಆನ್‌ಲೈನ್‌ನಲ್ಲಿ ಇಳಕಲ್ ಸೀರೆ ಮಾರುವವರೊಬ್ಬರಿಗೆ ಹಸಿರು ಸೀರೆ ಮಾತ್ರ ಪದೇ ಪದೇ ವಾಪಸ್ ಬರುತ್ತಿದೆ ಎಂದುಕೊಳ್ಳಿ. ಅಮೆಜಾನ್‌ನ ರಿಟರ್ನ್ಸ್ ವರದಿ ತೆರೆದರೆ `reason` ಕಾಲಂನಲ್ಲಿ ಹೆಚ್ಚಿನವಕ್ಕೆ `MISSING_PARTS` ಎಂದಿದೆ. ಪ್ಯಾಕಿಂಗ್ ಹುಡುಗನನ್ನು ಗದರಿಸಲು ಹೊರಡುವುದು ಇಲ್ಲೇ. ಆದರೆ ಆ ಕಾರಣ ಗ್ರಾಹಕರು ಸಿದ್ಧಪಟ್ಟಿಯಿಂದ ಅವಸರದಲ್ಲಿ ಒತ್ತಿದ್ದು. ಅದನ್ನು ಪೂರ್ತಿ ನಂಬುವಂತಿಲ್ಲ. ಪಕ್ಕದ `customer-comments` ಕಾಲಂ ಓದಬೇಕು. ಬಹಳ ಸಾಲುಗಳಲ್ಲಿ ಅದು ಖಾಲಿಯೇ ಇರುತ್ತದೆ, ಇದ್ದಷ್ಟೇ ಬಂಗಾರ. ಇಲ್ಲಿ ಸಿಕ್ಕಿದ್ದು: “ಬ್ಲೌಸ್ ಪೀಸ್ ಬಂದಿಲ್ಲ”, “ಫೋಟೋದಲ್ಲಿದ್ದ ಕೆಂಪು ರವಿಕೆ ಎಲ್ಲಿ?”

ಆ ಸೀರೆಗೆ ಬ್ಲೌಸ್ ಪೀಸ್ ಇಲ್ಲವೇ ಇಲ್ಲ. ವಿವರಣೆಯ ಕೊನೆಯ ಸಾಲಿನಲ್ಲಿ ಹಾಗೆಂದು ಬರೆದೂ ಇದೆ. ಆದರೆ ಮೊದಲ ಫೋಟೋದಲ್ಲಿ ರೂಪದರ್ಶಿ ಸೆರಗಿಗೆ ಒಪ್ಪುವ ಕೆಂಪು ರವಿಕೆ ತೊಟ್ಟಿದ್ದಾಳೆ. ಮೊಬೈಲ್‌ನಲ್ಲಿ ಕೊನೆಯ ಸಾಲಿನವರೆಗೆ ಯಾರು ಇಳಿಯುತ್ತಾರೆ?

ತಪ್ಪು ಫೋಟೋದ್ದೇ ಎಂದು ಖಚಿತಪಡಿಸಿಕೊಳ್ಳಲು ಬ್ಲೌಸ್ ಪೀಸ್ ಇಲ್ಲದ ನೀಲಿ ಸೀರೆಯನ್ನು ನೋಡಬೇಕು. ಅದರ ಫೋಟೋದಲ್ಲಿ ಮಡಿಸಿಟ್ಟ ಸೀರೆ ಮಾತ್ರ ಇದ್ದು, ಈ ದೂರೂ ಇಲ್ಲದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಫೋಟೋ ಬದಲಿಸಿ, ಶೀರ್ಷಿಕೆಯಲ್ಲೇ “ಬ್ಲೌಸ್ ಪೀಸ್ ಇಲ್ಲ” ಎಂದು ಸೇರಿಸಿ, ಆಮೇಲೆ ಲೆಕ್ಕ ಹಾಕಬೇಕು. ಲೆಕ್ಕ ವಾಪಸಾದ ದಿನದ್ದಲ್ಲ, ಆರ್ಡರ್ ಮಾಡಿದ ದಿನದ್ದು: ಬದಲಾವಣೆಯ ಮರುವಾರ ಬರುವ ಸೀರೆಗಳು ಹಳೇ ಫೋಟೋ ನೋಡಿ ಕೊಂಡವೇ. ನೂರು ಆರ್ಡರಿಗೆ ಎಷ್ಟು ವಾಪಸ್ ಎಂದು ನೋಡಬೇಕು. ಹತ್ತಿಪ್ಪತ್ತು ಆರ್ಡರುಗಳಿಂದ ಏನೂ ತಿಳಿಯದು.