ಹನ್ನೆರಡು ಲಕ್ಷದ ಈಸಾಪ್: ಸಹಿ ಹಾಕುವ ಮುನ್ನ

ಸ್ಟಾಕ್ ಆಪ್ಷನ್ ಎಂದರೆ ಷೇರಲ್ಲ. ಈಗಲೇ ಗೊತ್ತುಮಾಡಿದ ಬೆಲೆಗೆ ಮುಂದೊಂದು ದಿನ ಕಂಪನಿಯ ಷೇರು ಕೊಳ್ಳಬಹುದಾದ ಹಕ್ಕು ಅದು. ಹಾಗೆ ಕೊಳ್ಳುವುದಕ್ಕೆ ಎಕ್ಸರ್ಸೈಸ್ ಎಂದೂ ಗೊತ್ತುಮಾಡಿದ ಬೆಲೆಗೆ ಎಕ್ಸರ್ಸೈಸ್ ಬೆಲೆ ಎಂದೂ ಹೆಸರು. ಕೈಯಲ್ಲಿ ಹೆಚ್ಚು ಹಣವಿಲ್ಲದ ಹೊಸ ಸ್ಟಾರ್ಟ್‌ಅಪ್‌ಗಳು ಸಂಬಳದಲ್ಲಿ ಕಡಿಮೆ ಮಾಡಿದ್ದನ್ನು ಈ ಹಕ್ಕಿನಿಂದ ಸರಿದೂಗಿಸಲು ನೋಡುತ್ತವೆ. ಬೆಂಗಳೂರಿನ ಕಂಪನಿಗಳಲ್ಲಿ ಇದು ‘ಈಸಾಪ್’ ಎಂದೇ ಬಳಕೆಯಲ್ಲಿದೆ.

ಒಂದು ಕಾಲ್ಪನಿಕ ಆಫರ್ ಲೆಟರ್ ಹಿಡಿದು ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಅದರಲ್ಲಿ ವರ್ಷಕ್ಕೆ 30 ಲಕ್ಷ ರೂಪಾಯಿ ಸಂಬಳ, ಜೊತೆಗೆ 12 ಲಕ್ಷ ರೂಪಾಯಿಯ ಈಸಾಪ್ ಎಂದು ಬರೆದಿದೆ. ಈ 12 ಲಕ್ಷ ಎಲ್ಲಿಂದ ಬಂತು ಎಂಬುದು ಮೊದಲ ಪ್ರಶ್ನೆ. ಕಂಪನಿ 2,400 ಆಪ್ಷನ್ ಕೊಡುತ್ತಿದೆ. ಹೂಡಿಕೆದಾರರು ಕಳೆದ ಸುತ್ತಿನಲ್ಲಿ ಒಂದು ಷೇರಿಗೆ 500 ರೂಪಾಯಿ ಕೊಟ್ಟಿದ್ದರು. ಎರಡನ್ನೂ ಗುಣಿಸಿ ಬಂದ ಮೊತ್ತವನ್ನೇ ಕಾಗದದ ಮೇಲೆ ಬರೆದಿದ್ದಾರೆ. ಅದು ನಿಜಕ್ಕೂ ಕಂಪನಿಯ ಎಷ್ಟು ಪಾಲು ಎಂದು ತಿಳಿಯಲು ಒಟ್ಟು ಷೇರುಗಳ ಸಂಖ್ಯೆ ಬೇಕು. ಸ್ಥಾಪಕರ ಷೇರು, ಹೂಡಿಕೆದಾರರ ಷೇರು, ನೌಕರರಿಗೆಂದು ತೆಗೆದಿಟ್ಟ ಆಪ್ಷನ್ ಎಲ್ಲವನ್ನೂ ಕೂಡಿಸಿದ ಈ ಸಂಖ್ಯೆಯನ್ನು ‘ಫುಲ್ಲಿ ಡೈಲ್ಯೂಟೆಡ್’ ಎನ್ನುತ್ತಾರೆ. ಅದು ಹತ್ತು ಲಕ್ಷವಾಗಿದ್ದರೆ 2,400 ಆಪ್ಷನ್ ಎಂದರೆ ಶೇ 0.24 ಪಾಲು, ಒಂದು ಕೋಟಿಯಾಗಿದ್ದರೆ ಬರೀ ಶೇ 0.024. ಸಂಖ್ಯೆ ಹೇಳಲು ಹಿಂಜರಿಯುವ ಕಂಪನಿಯಿಂದ ಕನಿಷ್ಠ ಶೇಕಡಾವಾರು ಪಾಲನ್ನಾದರೂ ಕೇಳಿ ಪಡೆಯಬೇಕು. ಅದೂ ಸಿಗದಿದ್ದರೆ ಆ 12 ಲಕ್ಷಕ್ಕೆ ಬೆಲೆ ಕಟ್ಟುವ ದಾರಿಯೇ ಇಲ್ಲ. ಇಲ್ಲಿ ಒಟ್ಟು ಷೇರು ಹತ್ತು ಲಕ್ಷವೆಂದೇ ಇಟ್ಟುಕೊಳ್ಳೋಣ.

ಕೊಟ್ಟ ಆಪ್ಷನ್‌ಗಳು ಕೂಡಲೇ ಕೈಗೆ ಬರುವುದಿಲ್ಲ. ಕೆಲಸದಲ್ಲಿ ಇದ್ದಷ್ಟು ಕಾಲಕ್ಕೆ ತಕ್ಕಂತೆ ಅವು ಸ್ವಲ್ಪಸ್ವಲ್ಪವಾಗಿ ನೌಕರರ ಪಾಲಿಗೆ ಬರುವುದೇ ವೆಸ್ಟಿಂಗ್. ನಾಲ್ಕು ವರ್ಷದ ವೆಸ್ಟಿಂಗ್, ಒಂದು ವರ್ಷದ ‘ಕ್ಲಿಫ್’ ಎಂಬುದು ಹೆಚ್ಚು ರೂಢಿಯಲ್ಲಿರುವ ಕ್ರಮ. ಮೊದಲ ವರ್ಷ ತುಂಬುವ ಮುನ್ನ ಬಿಟ್ಟರೆ ಒಂದೂ ಸಿಗುವುದಿಲ್ಲ. ತುಂಬಿದ ದಿನ ಒಮ್ಮೆಗೇ 600, ಆಮೇಲೆ ತಿಂಗಳಿಗೆ 50. ಎರಡೂವರೆ ವರ್ಷಕ್ಕೆ ಬಿಟ್ಟವರಿಗೆ 1,500 ಉಳಿಯುತ್ತವೆ, ಮಿಕ್ಕ 900 ಕಂಪನಿಗೆ ಮರಳುತ್ತವೆ. ಕೆಲವು ಕಂಪನಿಗಳು ತಿಂಗಳ ಬದಲು ವರ್ಷಕ್ಕೊಮ್ಮೆ ಲೆಕ್ಕ ಹಾಕುತ್ತವೆ. ಆಗ ಎರಡೂವರೆ ವರ್ಷಕ್ಕೆ ಬಿಟ್ಟರೂ ಎರಡು ವರ್ಷದ 1,200 ಮಾತ್ರ.

ಇಲ್ಲಿ ಹಲವರ ಕಣ್ಣು ತಪ್ಪಿಸುವ ಒಂದು ತೊಡಕಿದೆ. ಭಾರತದ ಕಂಪನಿ ಕಾನೂನಿನ ಪ್ರಕಾರ ಆಪ್ಷನ್ ಮಂಜೂರಾದ ದಿನಕ್ಕೂ ಮೊದಲ ವೆಸ್ಟಿಂಗ್‌ಗೂ ನಡುವೆ ಕನಿಷ್ಠ ಒಂದು ವರ್ಷ ಇರಲೇಬೇಕು. ಆಫರ್ ಲೆಟರ್‌ನಲ್ಲಿ ಬರೆದದ್ದು ಮಂಜೂರಾತಿಯಲ್ಲ, ಕೊಡುತ್ತೇವೆಂಬ ಮಾತಷ್ಟೇ. ಷೇರುದಾರರು ಒಪ್ಪಿದ ಈಸಾಪ್ ಯೋಜನೆಯಡಿ ನೌಕರರ ಹೆಸರಿಗೆ ಗ್ರಾಂಟ್ ಲೆಟರ್ ಬಂದಾಗಲೇ ಅದು ಮಂಜೂರಾದಂತೆ. ತೀರಾ ಹೊಸ ಕಂಪನಿಯಲ್ಲಿ ಯೋಜನೆಯೇ ಇನ್ನೂ ಸಿದ್ಧವಾಗಿರದಿರಬಹುದು. ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಮೇಲೆ ಗ್ರಾಂಟ್ ಲೆಟರ್ ಬಂದರೆ ಮೊದಲ 600 ಆಪ್ಷನ್‌ಗೆ ಇಪ್ಪತ್ತು ತಿಂಗಳು ಕಾಯಬೇಕು. ಆದ್ದರಿಂದ ಯೋಜನೆಗೆ ಒಪ್ಪಿಗೆ ಸಿಕ್ಕಿದೆಯೇ, ಸೇರಿದ ಎಷ್ಟು ದಿನದೊಳಗೆ ಗ್ರಾಂಟ್ ಲೆಟರ್ ಕೊಡುತ್ತಾರೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಅಗತ್ಯ. ಯೋಜನೆಯ ಪೂರ್ಣ ಪ್ರತಿಯನ್ನೂ ಸಹಿಗೆ ಮುನ್ನವೇ ಓದಬೇಕು. ಮುಂದಿನ ಪ್ರಶ್ನೆಗಳಿಗೆ ಉತ್ತರವಿರುವುದು ಅದರಲ್ಲೇ.

ಅವುಗಳಲ್ಲಿ ಅತಿ ದುಬಾರಿಯಾದದ್ದು, ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಷೇರು ಕೊಳ್ಳಬೇಕು ಎಂಬುದು. ಬಹಳ ಯೋಜನೆಗಳಲ್ಲಿ ಈ ಗಡುವು 90 ದಿನ ಅಥವಾ ಅದಕ್ಕೂ ಕಡಿಮೆ. ಮೇಲಿನ ಉದಾಹರಣೆಯಲ್ಲಿ ಎಕ್ಸರ್ಸೈಸ್ ಬೆಲೆ 10 ರೂಪಾಯಿಯಾದರೆ 1,500 ಷೇರಿಗೆ ಕಟ್ಟಬೇಕಾದದ್ದು ಬರೀ 15,000. ಆದರೆ ತೆರಿಗೆ ಕೊಳ್ಳುವ ದಿನವೇ ಬೀಳುತ್ತದೆ. ಮರ್ಚೆಂಟ್ ಬ್ಯಾಂಕರ್ ಅಂದು ಷೇರಿಗೆ 400 ರೂಪಾಯಿ ಬೆಲೆ ಕಟ್ಟಿದ್ದರೆ, ಒಂದೊಂದು ಷೇರಿನ 390 ರೂಪಾಯಿಯ ಅಂತರ ಸಂಬಳದ ಆದಾಯವಾಗುತ್ತದೆ. ಒಟ್ಟು 5,85,000 ರೂಪಾಯಿ. ಶೇ 30ರ ತೆರಿಗೆ ಮತ್ತು ಅದರ ಮೇಲಿನ ಶೇ 4ರ ಸೆಸ್ ಸೇರಿ 1,82,520 ರೂಪಾಯಿ ತೆರಬೇಕು. ಹೀಗೆ ಸುಮಾರು ಎರಡು ಲಕ್ಷ ಕೈಯಿಂದ ಹೋಗುತ್ತದೆ; ಬದಲಿಗೆ ಬರುವುದು ಮಾರಲು ಮಾರುಕಟ್ಟೆಯೇ ಇಲ್ಲದ ಷೇರು. ಗಡುವು ಮೀರಿದರೆ ಅದೂ ಇಲ್ಲ. ಸರ್ಕಾರದ ವಿಶೇಷ ಪ್ರಮಾಣಪತ್ರ ಪಡೆದ ಸ್ಟಾರ್ಟ್‌ಅಪ್‌ಗಳ ನೌಕರರು ಈ ತೆರಿಗೆಯನ್ನು ಕೆಲವು ವರ್ಷ ಮುಂದೂಡಬಹುದಾದರೂ ಕೆಲಸ ಬಿಟ್ಟೊಡನೆ ಆ ಸೌಲಭ್ಯ ಮುಗಿಯುತ್ತದೆ.

ಚೌಕಾಸಿಗೆ ಹೆಚ್ಚು ಫಲ ಸಿಗುವ ಜಾಗವೂ ಇದೇ. ಆಪ್ಷನ್‌ಗಳ ಸಂಖ್ಯೆ ಹೆಚ್ಚಿಸಿದರೆ ಉಳಿದ ಷೇರುದಾರರ ಪಾಲು ಕರಗುತ್ತದೆ, ಹಾಗಾಗಿ ಸ್ಥಾಪಕರು ಹಿಡಿತ ಬಿಡುವುದಿಲ್ಲ. ಗಡುವನ್ನು 90 ದಿನದಿಂದ ಐದು ವರ್ಷಕ್ಕೋ, ಕಂಪನಿ ಮಾರಾಟವಾಗುವವರೆಗೋ ವಿಸ್ತರಿಸಲು ಕಂಪನಿ ಇಂದು ಹಣ ತೆರಬೇಕಿಲ್ಲ. ಯೋಜನೆಯಲ್ಲಿ ಅವಕಾಶವಿದ್ದರೆ ಗ್ರಾಂಟ್ ಲೆಟರ್‌ನಲ್ಲಿ ಒಂದು ಸಾಲು ಸಾಕು. ಇದರೊಂದಿಗೆ ಎಂಥ ಸಂದರ್ಭದಲ್ಲಿ ವೆಸ್ಟ್ ಆದ ಆಪ್ಷನ್‌ಗಳನ್ನೂ ಕಂಪನಿ ರದ್ದು ಮಾಡಬಹುದು ಎಂಬ ಷರತ್ತನ್ನೂ ಓದಬೇಕು. ದುರ್ವರ್ತನೆಗೆ ರದ್ದತಿ ಸಾಮಾನ್ಯ. ಪ್ರತಿಸ್ಪರ್ಧಿ ಕಂಪನಿಗೆ ಸೇರಿದರೂ ರದ್ದು ಎಂದಿದ್ದರೆ ಅದನ್ನು ತೆಗೆಸಲು ಕೇಳುವುದು ನ್ಯಾಯ.

ಕೊನೆಯ ಪ್ರಶ್ನೆ, ಕಂಪನಿ ಮಾರಾಟವಾದರೆ ಮೊದಲು ಯಾರಿಗೆ ಹಣ ಎಂಬುದು. ಹೂಡಿಕೆದಾರರು ತಾವು ಹಾಕಿದ್ದನ್ನು ಮೊದಲು ಹಿಂಪಡೆಯುವ ಹಕ್ಕನ್ನು ಸಾಮಾನ್ಯವಾಗಿ ಇಟ್ಟುಕೊಂಡಿರುತ್ತಾರೆ. ಇದಕ್ಕೆ ‘ಲಿಕ್ವಿಡೇಶನ್ ಪ್ರಿಫರೆನ್ಸ್’ ಎಂದು ಹೆಸರು. ಈ ಕಂಪನಿಯಲ್ಲಿ ಅವರು 15 ಕೋಟಿ ಹಾಕಿ 3 ಲಕ್ಷ ಷೇರು ಪಡೆದಿದ್ದಾರೆ ಎನ್ನೋಣ. ಕಂಪನಿ 20 ಕೋಟಿಗೆ ಮಾರಾಟವಾದರೆ ಪಾಲಿನ ಲೆಕ್ಕದಲ್ಲಿ ಅವರಿಗೆ 6 ಕೋಟಿಯಷ್ಟೇ ಸಿಗುತ್ತದೆ, ಆದ್ದರಿಂದ ಮೊದಲು 15 ಕೋಟಿಯನ್ನೇ ಎತ್ತಿಕೊಳ್ಳುತ್ತಾರೆ. ಉಳಿದ 5 ಕೋಟಿ ಉಳಿದ 7 ಲಕ್ಷ ಷೇರಿಗೆ ಹಂಚಿಕೆಯಾಗಿ ಷೇರಿಗೆ ಸುಮಾರು 71 ರೂಪಾಯಿ ಬೀಳುತ್ತದೆ. 1,500 ಷೇರಿಗೆ ಒಂದು ಲಕ್ಷದ ಆಸುಪಾಸು. ಈವರೆಗೆ ಒಟ್ಟು ಎಷ್ಟು ಹೂಡಿಕೆ ಬಂದಿದೆ, ಹಿಂಪಡೆಯುವ ಹಕ್ಕು ಅದರ ಒಂದು ಪಟ್ಟೋ ಎರಡು ಪಟ್ಟೋ ಎಂದು ಕೇಳಿದರೆ ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು.

ಇಷ್ಟು ತಿಳಿದ ಮೇಲೆ ಆಫರನ್ನು ಸಂಬಳದ ಪಕ್ಕದಲ್ಲಿಟ್ಟು ತೂಗಬಹುದು. ಈ ಕೆಲಸಕ್ಕಾಗಿ ವರ್ಷಕ್ಕೆ 4 ಲಕ್ಷ ಸಂಬಳ ಬಿಡುವವರು ಎರಡೂವರೆ ವರ್ಷದಲ್ಲಿ ಬಿಡುವುದು 10 ಲಕ್ಷ. ಅದು ಮರಳಿ ಬರಲು 1,500 ಷೇರುಗಳ ಒಂದೊಂದರ ಬೆಲೆ ಸುಮಾರು 677 ರೂಪಾಯಿ ತಲುಪಬೇಕು. ಅಂದರೆ, ತೆರಿಗೆಯನ್ನು ಬಿಟ್ಟು ಹೇಳುವುದಾದರೆ, ಹೊಸ ಷೇರು ಒಂದೂ ಸೇರದೆ ಕಂಪನಿ 68 ಕೋಟಿಯ ಹತ್ತಿರ ಮಾರಾಟವಾಗಬೇಕು. ನಡುವೆ ಹೊಸ ಹೂಡಿಕೆ ಬಂದು ಷೇರುಗಳ ಸಂಖ್ಯೆ ಹೆಚ್ಚಿದರೆ ಆ ಮೊತ್ತ ಇನ್ನೂ ಮೇಲಕ್ಕೆ ಹೋಗುತ್ತದೆ. ಆ ಮಟ್ಟ ಮುಟ್ಟುವ ನಂಬಿಕೆ ಇದ್ದರೆ ಹೆಚ್ಚು ಆಪ್ಷನ್ ಕೇಳಬೇಕು. ಇಲ್ಲದಿದ್ದರೆ ಆಪ್ಷನ್ ಕಡಿಮೆ ಮಾಡಿಸಿ ಸಂಬಳ ಕೇಳಬೇಕು.