ಅಡ್ಡ ಗುಣಾಕಾರಕ್ಕೂ ಮುನ್ನ

ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ. ಮನೆಗೆ ನೆಂಟರು ಬಂದಿದ್ದಾರೆ, ಆರು ಲೋಟ ಅಕ್ಕಿ ನೆನೆಹಾಕಬೇಕು. ಉದ್ದು ಎಷ್ಟು? ಏಳನೇ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಹೆಚ್ಚಿನ ಮಕ್ಕಳು ಎರಡು ಲೋಟ ಎನ್ನುತ್ತಾರೆ. ನಾಲ್ಕು ಎನ್ನುವವರೂ ಇರುತ್ತಾರೆ. ಅಕ್ಕಿ ಮೂರು ಲೋಟ ಹೆಚ್ಚಾಯಿತು, ಹಾಗಾಗಿ ಉದ್ದೂ ಮೂರು ಲೋಟ ಹೆಚ್ಚಬೇಕು ಎಂಬುದು ಅವರ ತರ್ಕ.

ಮುಂದಿನ ಪ್ರಶ್ನೆ: ಒಂದು ತಟ್ಟೆ ಇಡ್ಲಿ ಬೇಯಲು 12 ನಿಮಿಷ ಬೇಕು. ಅದೇ ಪಾತ್ರೆಯಲ್ಲಿ ನಾಲ್ಕು ತಟ್ಟೆ ಒಟ್ಟಿಗೆ ಇಟ್ಟರೆ? ಈಗ ಎಡವುವವರು ಬೇರೆ. ಮೊದಲ ಲೆಕ್ಕವನ್ನು ಸರಿಯಾಗಿ ಮಾಡಿದ ಮಕ್ಕಳಲ್ಲೇ ಹಲವರು 48 ಎಂದು ಬರೆಯುತ್ತಾರೆ. ಮೊದಲ ತಪ್ಪು ಮಾಡಿದವರಿಗೆ ಗುಣಿಸಬೇಕಾದಲ್ಲಿ ಗುಣಿಸಲು ತಿಳಿಯಲಿಲ್ಲ. ಎರಡನೆಯ ತಪ್ಪು ಮಾಡಿದವರಿಗೆ ಎಲ್ಲಿ ಗುಣಿಸಬಾರದು ಎಂಬುದು ಗೊತ್ತಾಗಲಿಲ್ಲ. ಶಾಲೆಯ ಕಿರುಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು ಮಾತ್ರ ಸಿಕ್ಕಿಬೀಳುತ್ತದೆ. ಪಠ್ಯಕ್ರಮ ಏಳನೇ ತರಗತಿಯಿಂದ ಕೇಳುವುದು ಮುಖ್ಯವಾಗಿ ಎರಡನೆಯದನ್ನು.

ಪ್ರಾಥಮಿಕ ಹಂತದ ಕಲಿಕಾ ಫಲಗಳನ್ನು ಎನ್‌ಸಿಇಆರ್‌ಟಿ 2017ರಲ್ಲಿ ಪ್ರಕಟಿಸಿತು. ಅನುಪಾತಕ್ಕೆ ಸಂಬಂಧಿಸಿದ ಸಾಲುಗಳನ್ನು ಮಾತ್ರ ಆರಿಸಿ ಓದಿದರೆ ಮೂರು ಮೆಟ್ಟಿಲು ಕಾಣುತ್ತವೆ. ಆರನೇ ತರಗತಿಯ ಮಗು ಎರಡು ಪರಿಮಾಣಗಳನ್ನು ಅನುಪಾತದಲ್ಲಿ ಹೋಲಿಸಬೇಕು. ಒಂದು ಡಜನ್ ನೋಟ್‌ಬುಕ್ಕಿನ ಬೆಲೆ ಗೊತ್ತಿದ್ದರೆ ಮೊದಲು ಒಂದರ ಬೆಲೆ ಕಂಡುಕೊಂಡು ಏಳರ ಬೆಲೆ ಹೇಳಬೇಕು. ಏಳನೇ ತರಗತಿಯ ಮಗು ಸಮಾನುಪಾತದಲ್ಲಿರುವ ಪರಿಮಾಣಗಳನ್ನು ಗುರುತಿಸಿ ಬೇರ್ಪಡಿಸಬೇಕು. 15, 45, 40, 120 ಎಂಬ ನಾಲ್ಕು ಸಂಖ್ಯೆಗಳನ್ನು ಅಲ್ಲಿ ಉದಾಹರಣೆಯಾಗಿ ಕೊಟ್ಟಿದೆ: 15ರ ಮೂರು ಪಟ್ಟು 45, 40ರ ಮೂರು ಪಟ್ಟು 120. ನೇರ ಮತ್ತು ವಿಲೋಮ ಅನುಪಾತದ ಸಮಸ್ಯೆಗಳನ್ನು ಬಿಡಿಸುವುದು ಎಂಟನೇ ತರಗತಿಯ ಪಾಲು.

ಏಳನೆಯ ಮೆಟ್ಟಿಲಿನ ಕ್ರಿಯಾಪದ ‘ಬಿಡಿಸು’ ಅಲ್ಲ, ‘ಬೇರ್ಪಡಿಸು’. ಬೇರ್ಪಡಿಸಲು ಕನಿಷ್ಠ ಎರಡು ಬಗೆಯ ಸಂಗತಿಗಳು ಮುಂದಿರಬೇಕು. ಜೊಳ್ಳೇ ಇಲ್ಲದ ರಾಶಿಯನ್ನು ಕೇರಿಸಿ, ಈ ಹುಡುಗನಿಗೆ ಮೊರ ಹಿಡಿಯಲು ಬರುತ್ತದೆ ಎನ್ನಲಾಗದು.

ಒಂದು ಸಾಮಾನ್ಯ ಘಟಕ ಪರೀಕ್ಷೆಯನ್ನು ನೋಡೋಣ. 18:24ನ್ನು ಸರಳ ರೂಪಕ್ಕೆ ತನ್ನಿ. ಐದು ಪೆನ್ನಿಗೆ 60 ರೂಪಾಯಿ ಆದರೆ ಎಂಟು ಪೆನ್ನಿಗೆ ಎಷ್ಟು? 3:5 = 12:□, ಖಾಲಿ ಜಾಗ ತುಂಬಿ. ಪ್ರತಿ ಪ್ರಶ್ನೆಯ ಎದುರು ಅದು ಯಾವ ಕಲಿಕಾ ಫಲವನ್ನು ಅಳೆಯುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದರೆ ಚಿತ್ರ ತಿಳಿಯಾಗುತ್ತದೆ. ಮೊದಲ ಎರಡು ಆರನೇ ತರಗತಿಗೆ ಸೇರಿದವು. ಮೂರನೆಯದರಲ್ಲಿ ಸಮಾನುಪಾತ ಇದೆ ಎಂದು ಪ್ರಶ್ನೆಯೇ ಹೇಳಿಬಿಟ್ಟಿದೆ, ಮಗುವಿಗೆ ಉಳಿದಿರುವುದು ಅಡ್ಡ ಗುಣಾಕಾರ ಮಾತ್ರ. ಘಟಕ ಯೋಜನೆಯ ಹಾಳೆಯಲ್ಲಿ ಕಲಿಕಾ ಫಲದ ಸಾಲನ್ನು ಅಚ್ಚುಕಟ್ಟಾಗಿ ನಕಲು ಮಾಡಿದ್ದರೂ ಅದನ್ನು ಅಳೆಯುವ ಪ್ರಶ್ನೆ ಒಂದೂ ಇಲ್ಲ.

ಈ ಕೊರತೆ ಮಕ್ಕಳಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಕ್ಯಾಥ್ಲೀನ್ ಕ್ರೇಮರ್ ಮತ್ತು ಸಂಗಡಿಗರು ಶಿಕ್ಷಕ ತರಬೇತಿಯಲ್ಲಿದ್ದವರಿಗೆ ಒಂದು ಪ್ರಶ್ನೆ ಕೊಟ್ಟು, ಫಲಿತಾಂಶವನ್ನು 1993ರಲ್ಲಿ ಪ್ರಕಟಿಸಿದರು. ಇಬ್ಬರು ಒಂದೇ ವೇಗದಲ್ಲಿ ಮೈದಾನ ಸುತ್ತುತ್ತಾರೆ. ಮೊದಲು ಹೊರಟವಳು 9 ಸುತ್ತು ಮುಗಿಸಿದಾಗ ಎರಡನೆಯವಳದು 3 ಸುತ್ತು. ಎರಡನೆಯವಳು 15 ಮುಗಿಸಿದಾಗ ಮೊದಲಿನವಳು ಎಷ್ಟು ಸುತ್ತಿರುತ್ತಾಳೆ? ವೇಗ ಒಂದೇ ಆದ್ದರಿಂದ ಆರು ಸುತ್ತಿನ ಅಂತರ ಹಾಗೇ ಉಳಿಯುತ್ತದೆ, ಉತ್ತರ 21. 33 ಮಂದಿಯಲ್ಲಿ 32 ಮಂದಿ ಸಮಾನುಪಾತ ಹಾಕಿ ಬಿಡಿಸಿದರು. ಹಾಗೆ ಹಾಕಿದರೆ ಬರುವುದು 45.

ಆದ್ದರಿಂದ ಯೋಜನೆಯನ್ನು ಕೊನೆಯಿಂದ ಹಿಂದಕ್ಕೆ ಹೆಣೆಯುವುದು ಒಳ್ಳೆಯದು: ಮೊದಲು ಪರೀಕ್ಷೆ, ಆಮೇಲೆ ಪಾಠ. ಪರೀಕ್ಷೆಯ ಮುಖ್ಯ ಪ್ರಶ್ನೆಯಲ್ಲಿ ಐದು ಸನ್ನಿವೇಶಗಳಿರಲಿ. ಸಕ್ಕರೆಯ ತೂಕ ಮತ್ತು ಬೆಲೆ. ಅಕ್ಕ ತಂಗಿಯರ ವಯಸ್ಸು. ಇಡ್ಲಿ ತಟ್ಟೆಗಳ ಸಂಖ್ಯೆ ಮತ್ತು ಬೇಯುವ ಸಮಯ. ಕಳೆ ಕೀಳುವ ಆಳುಗಳು ಮತ್ತು ಕೆಲಸ ಮುಗಿಯುವ ದಿನಗಳು. ಕೊನೆಯದು ಆಟೋ ಬಾಡಿಗೆ. ಯಾವುದು ಸಮಾನುಪಾತದಲ್ಲಿದೆ, ಯಾವುದು ಇಲ್ಲ, ಪ್ರತಿಯೊಂದಕ್ಕೂ ಒಂದು ಸಾಲಿನ ಕಾರಣ ಬರೆಯಬೇಕು. ಆಳುಗಳ ಲೆಕ್ಕದಲ್ಲಿ ‘ಆಳು ಇಮ್ಮಡಿಯಾದರೆ ದಿನ ಇಮ್ಮಡಿಯಾಗುವುದಿಲ್ಲ, ಕಡಿಮೆಯಾಗುತ್ತದೆ’ ಎಂದರೆ ಏಳನೇ ತರಗತಿಗೆ ಪೂರ್ಣ ಅಂಕ ಕೊಡಬಹುದು. ಎಷ್ಟು ದಿನ ಎಂಬುದನ್ನು ಎಂಟನೇ ತರಗತಿ ನೋಡಿಕೊಳ್ಳುತ್ತದೆ.

ಐದರಲ್ಲಿ ಆಟೋ ಲೆಕ್ಕಕ್ಕೆ ಒಂದು ಇಡೀ ಅವಧಿ ಕೊಡಬಹುದು. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆನಂತರ ಪ್ರತಿ ಕಿಲೋಮೀಟರಿಗೆ 18. ಮಕ್ಕಳು ಪಟ್ಟಿ ಬರೆಯಲಿ: ಎರಡಕ್ಕೆ 36, ನಾಲ್ಕಕ್ಕೆ 72, ಎಂಟಕ್ಕೆ 144. ಪ್ರತಿ ಸಾಲಿನಲ್ಲೂ ಕಿಲೋಮೀಟರಿಗೆ 18 ಬೀಳುತ್ತದೆ, ಆದ್ದರಿಂದ ಇದು ಸಮಾನುಪಾತ ಎಂದು ತರಗತಿಯೆಲ್ಲ ಒಪ್ಪಿಕೊಳ್ಳುತ್ತದೆ. ಆಗ ಒಂದು ಕಿಲೋಮೀಟರಿನ ಬಾಡಿಗೆ ಕೇಳಬೇಕು. ಅದೂ 36. ದೂರ ಅರ್ಧವಾಯಿತು, ಬಾಡಿಗೆ ಹಾಗೇ ನಿಂತಿತು. ಎರಡು ಕಿಲೋಮೀಟರಿನಿಂದ ಮೇಲೆ ನಿಜವಾದದ್ದು ಅದಕ್ಕಿಂತ ಕೆಳಗೆ ಮುರಿದುಬಿತ್ತು. ಎರಡು ಮೂರು ಜೋಡಿ ಸಂಖ್ಯೆ ಹೊಂದಿದ ಮಾತ್ರಕ್ಕೆ ಸಾಲದು, ನಿಯಮವನ್ನೇ ಓದಬೇಕು ಎಂಬುದನ್ನು ಈ ಪಟ್ಟಿ ಕಣ್ಣೆದುರೇ ತೋರಿಸುತ್ತದೆ.

ಘಟಕಕ್ಕೆ ಎಂಟು ಅವಧಿ ಇದ್ದರೆ ಮೊದಲೆರಡು ಆರನೇ ತರಗತಿಯ ಬೇರು ಗಟ್ಟಿಯಾಗಿದೆಯೇ ಎಂದು ನೋಡಲು ಸಾಕು. ಇಲ್ಲಿ ಸಂಖ್ಯೆಗಳ ಆಯ್ಕೆಯಲ್ಲಿ ಎಚ್ಚರ ಬೇಕು. ಅಕ್ಕಿ ಉದ್ದಿನ 3:1ರಂತೆ ಪೂರ್ಣ ಪಟ್ಟು ಬರುವ ಲೆಕ್ಕದಲ್ಲಿ ಗುಣಿಸುವ ಮಗುವೇ, ಪಟ್ಟು ಒಂದೂವರೆಯಾದಾಗ ಕೂಡಲು ಹೊರಡುತ್ತದೆ. ರಾಬರ್ಟ್ ಕಾರ್ಪ್ಲಸ್ ಎಂಬ ಭೌತವಿಜ್ಞಾನಿ 1970ರ ಸುಮಾರಿಗೆ ಮಕ್ಕಳಿಗೆ ಕೊಟ್ಟ ಪ್ರಶ್ನೆ ಇದಕ್ಕೆ ಒಳ್ಳೆಯ ಒರೆಗಲ್ಲು. ಕುಳ್ಳನ ಚಿತ್ರದ ಎತ್ತರ 4 ಗುಂಡಿ, ಉದ್ದನೆಯವನದು 6 ಗುಂಡಿ. ಕುಳ್ಳನನ್ನು ಪೇಪರ್ ಕ್ಲಿಪ್ಪಿನಲ್ಲಿ ಅಳೆದರೆ 6 ಬರುತ್ತದೆ, ಉದ್ದನೆಯವನಿಗೆ? ಸರಿಯುತ್ತರ 9. ಎಂಟು ಎಂದವರು ಎರಡು ಗುಂಡಿಯ ವ್ಯತ್ಯಾಸವನ್ನೇ ಎರಡು ಕ್ಲಿಪ್ಪಿನ ವ್ಯತ್ಯಾಸ ಎಂದುಕೊಂಡಿರುತ್ತಾರೆ. ಈ ಎಂಟು ಎಷ್ಟು ಹಾಳೆಗಳಲ್ಲಿ ಬಂತು ಎಂದು ಎಣಿಸಿದರೆ, ಮೂರನೇ ಅವಧಿಗೆ ಮುಂದೆ ಹೋಗಬಹುದೇ ಎಂಬುದು ತಿಳಿಯುತ್ತದೆ. ಮುಂದಿನ ನಾಲ್ಕು ಅವಧಿ ಬೇರ್ಪಡಿಸುವ ಕೆಲಸಕ್ಕೆ ಹೋಗಲಿ. ಏಳನೆಯದು ಶೇಕಡಕ್ಕೆ ಸೇತುವೆ, ಕೊನೆಯದು ಪರೀಕ್ಷೆ.

ಈ ಕ್ರಮಕ್ಕೆ ತೆರಬೇಕಾದ ಬೆಲೆಯೂ ಇದೆ. ಕಾರಣ ಬರೆಸಿದರೆ ತಿದ್ದುವ ಹೊತ್ತು ಹೆಚ್ಚುತ್ತದೆ. ಐವತ್ತು ಮಕ್ಕಳ ತರಗತಿಯಲ್ಲಿ ಐದು ಸನ್ನಿವೇಶವೆಂದರೆ 250 ವಾಕ್ಯ. ಹೌದು ಇಲ್ಲ ಎಂದಷ್ಟೇ ಕೇಳಿದರೆ ಊಹಿಸಿಯೂ ಅರ್ಧ ಅಂಕ ಬರುತ್ತದೆ. ನಡುವಿನ ದಾರಿಯೆಂದರೆ ಐದಕ್ಕೂ ಹೌದು ಇಲ್ಲ ಕೇಳಿ, ಕಾರಣವನ್ನು ಎರಡಕ್ಕೆ ಮಾತ್ರ ಬರೆಸುವುದು: ವಯಸ್ಸಿನದು ಮತ್ತು ಆಟೋದ್ದು. ಅಕ್ಕನಿಗೆ 12, ತಂಗಿಗೆ 6 ಇದ್ದಾಗ ವಯಸ್ಸು ಇಮ್ಮಡಿ ನಿಜ. ತಂಗಿಗೆ 12 ಆಗುವ ಹೊತ್ತಿಗೆ ಅಕ್ಕನಿಗೆ 24 ಎಂದು ಬರೆದ ಹಾಳೆ ಸಿಕ್ಕರೆ, ಆ ಮಗುವಿಗೆ ಅಡ್ಡ ಗುಣಾಕಾರ ಚೆನ್ನಾಗಿ ಬರುತ್ತದೆ, ಏಳನೇ ತರಗತಿಯ ಕಲಿಕಾ ಫಲ ಮಾತ್ರ ಇನ್ನೂ ಬಾಕಿ ಇದೆ.