ಡಜನ್ನಿನ ಲೆಕ್ಕ, ಕಿಲೋದ ಲೆಕ್ಕ

"ಆಯಿ, ಇವತ್ತ ನಾನೂರಾ ಹತ್ತು ರೂಪಾಯಿ ಲುಕ್ಸಾನ ಆಗೇತಿ."

ಐದನೇ ಇಯತ್ತೆಯ ನನ್ನ ಮಗಳು ಗಲ್ಲಾಪೆಟ್ಟಿಗೆಯ ದುಡ್ಡು ಎರಡು ಸಲ ಎಣಿಸಿ ಹೀಗೆ ಹೇಳಿದಾಗ ನಮ್ಮವ್ವ ಬಸಿಯಲ್ಲಿ ಚಾ ಸುರುವಿಕೊಂಡು ಕುಡಿಯುತ್ತಿದ್ದಳು. ಧಾರವಾಡದ ಮಾರ್ಕೆಟ್ಟಿನ ಬದಿಗೆ ನಿಲ್ಲುವ ನಾಲ್ಕು ಗಾಲಿಯ ಗಾಡಿ, ಮೇಲೊಂದು ತಾಡಪತ್ರಿ, ಒಂದು ಎಲೆಕ್ಟ್ರಾನಿಕ್ ಕಾಟಾ: ಇಷ್ಟೇ ಅವಳ ಅಂಗಡಿ. ಬ್ಯಾಸಗಿ ಸೂಟಿಯಲ್ಲಿ ಮೊಮ್ಮಗಳು ದಿನವೂ ಅಲ್ಲೇ ಇರುತ್ತಾಳೆ.

"ಲುಕ್ಸಾನ ಆಗಿದ್ರ ನಾ ಇಷ್ಟ ಆರಾಮ ಚಾ ಕುಡೀತಿದ್ನೇನ? ಇನ್ನೊಮ್ಮೆ ನೋಡು."

ಹುಡುಗಿ ಮಾಡಿದ್ದು ಸರಳ ಲೆಕ್ಕ. ಮಾಲು ತಂದದ್ದು 3,800 ರೂಪಾಯಿಗೆ. ಗಲ್ಲಾದಲ್ಲಿ ಇದ್ದದ್ದು 3,390. ಕಳೆದಳು, ಮುಗಿಯಿತು. ಆದರೆ ಗಲ್ಲಾದೊಳಗಿನ ದುಡ್ಡೇ ಬೇರೆ, ಆ ದಿನದ ವ್ಯಾಪಾರವೇ ಬೇರೆ. ಮುಂಜಾನೆ ಚಿಲ್ಲರೆಗೆಂದು ಅವ್ವ ಇಟ್ಟಿದ್ದ 500 ರೂಪಾಯಿ ಅದರಲ್ಲೇ ಕೂತಿತ್ತು. ಅದು ವ್ಯಾಪಾರದ್ದಲ್ಲ, ತೆಗೆಯಬೇಕು. ಫೋನಿನಲ್ಲಿ ಸ್ಕ್ಯಾನ್ ಮಾಡಿ ಗಿರಾಕಿಗಳು ಹಾಕಿದ 1,900 ರೂಪಾಯಿ ನನ್ನ ಖಾತೆಗೆ ಬಂದಿತ್ತು, ಅದನ್ನು ಸೇರಿಸಬೇಕು. ಎದುರು ಓಣಿಯ ಮಾಸ್ತರರು ಒಂದು ಡಜನ್ ಉದ್ರಿ ಒಯ್ದಿದ್ದರು, 360. ಅದೂ ಮಾರಿದ್ದೇ. ಇಷ್ಟು ಕೂಡಿಸಿ ಕಳೆದರೆ ದಿನದ ವ್ಯಾಪಾರ 5,150 ರೂಪಾಯಿ. ಲುಕ್ಸಾನ ಮಾಯವಾಯಿತು. ಹಾಗಾದರೆ ಲಾಭವೆಷ್ಟು? ಇಲ್ಲಿಂದ ಮುಂದೆ ಲೆಕ್ಕ ಜಟಿಲವಾಯಿತು. ನಾನೂ ಪಕ್ಕದಲ್ಲಿ ಕೂತೆ.

ಗಾಡಿಯ ಮೇಲೆ ಇದ್ದದ್ದು ಎರಡೇ ತರದ ಮಾವು. ಒಂದು ಆಪೂಸು. ಬೆಂಗಳೂರಿನ ಕಡೆ ಬಾದಾಮಿ ಅನ್ನುವುದೂ ಇದನ್ನೇ. ಇನ್ನೊಂದು ತೋತಾಪುರಿ, ಗಿಣಿಮೂತಿ ಮಾವು. ತೋತಾಪುರಿಯನ್ನು ಕಾಯಿ ಇದ್ದಾಗಲೇ, ತಂದ ದಿನವೇ, ಕಿಲೋದ ಮೇಲೆ ಮಾರುತ್ತಾಳೆ. ಆಪೂಸು ಮಾತ್ರ ಡಜನ್ನಿನ ಮೇಲೆ. ತರುವಾಗ ಎರಡನ್ನೂ ತೂಕದಲ್ಲೇ ತರುತ್ತಾಳೆ. ಮಾರುವಾಗ ಒಂದಕ್ಕೆ ತೂಕ, ಒಂದಕ್ಕೆ ಎಣಿಕೆ. ಹೀಗ್ಯಾಕೆ ಅಂತ ಮಗಳು ಕೇಳಿದಳು. ಇಷ್ಟು ವರ್ಷ ನೋಡಿಯೂ ನಾನು ಕೇಳಿರಲಿಲ್ಲ.

ಉತ್ತರ ಹುಲ್ಲಿನಲ್ಲಿತ್ತು. ಅವ್ವ ಎರಡು ಕ್ರೇಟ್ ಆಪೂಸು, ಅಂದರೆ 40 ಕಿಲೋ, ಕಿಲೋಕ್ಕೆ 80ರಂತೆ 3,200 ಕೊಟ್ಟು ಆರು ದಿನ ಮೊದಲೇ ತಂದಿದ್ದಳು. ಎಣಿಸಿದರೆ 160 ಕಾಯಿ. ಅವನ್ನು ಮನೆಯ ಹಿಂದಿನ ಖೋಲಿಯಲ್ಲಿ ಭತ್ತದ ಹುಲ್ಲು ಹಾಸಿ, ಸಾಲಾಗಿ ಇಟ್ಟು, ಮೇಲೆ ಮತ್ತೆ ಹುಲ್ಲು ಹೊದಿಸಿ ಹಣ್ಣಿಗೆ ಹಾಕಿದ್ದಳು. ಕಾರ್ಬೈಡ್ ಪುಡಿ ಇಟ್ಟರೆ ಎರಡು ದಿನದಲ್ಲಿ ಬಣ್ಣ ಬರುತ್ತದೆ, ಆದರೆ ಕಾನೂನಿನ ಪ್ರಕಾರ ಅದು ನಿಷಿದ್ಧ. ಹುಲ್ಲಿನಲ್ಲಿ ಐದಾರು ದಿನ ಬೇಕೇ ಬೇಕು. ಆ ಅವಧಿಯಲ್ಲಿ ಹಣ್ಣು ಉಸಿರಾಡುತ್ತದೆ, ಸಿಪ್ಪೆಯಿಂದ ನೀರು ಆರುತ್ತದೆ, ತೂಕ ಇಳಿಯುತ್ತದೆ. ಆರನೇ ದಿನ ಹುಲ್ಲು ಸರಿಸಿದಾಗ 10 ಹಣ್ಣು ಕೊಳೆತಿದ್ದವು. ತೊಟ್ಟಿನ ಸುತ್ತ ಕಪ್ಪು ಉಂಗುರ, ಒತ್ತಿದರೆ ಬೆರಳು ಒಳಗೆ ಹೋಗುವಷ್ಟು ಮೆತ್ತಗೆ. ಅವನ್ನು ಬೇರೆ ತೆಗೆಯದಿದ್ದರೆ ಪಕ್ಕದವೂ ಕೆಡುತ್ತವೆ. ಉಳಿದ 150 ಹಣ್ಣನ್ನು ಮಗಳೇ ಕಾಟಾದ ಮೇಲಿಟ್ಟು ತೂಗಿದ್ದಳು: ಮೂವತ್ನಾಲ್ಕೂವರೆ ಕಿಲೋ.

ಕೊಳೆತ ಹತ್ತರ ತೂಕ ಕಾಯಿ ಇದ್ದಾಗ ಸುಮಾರು ಎರಡೂವರೆ ಕಿಲೋ. ಅದನ್ನು ಬಿಟ್ಟರೆ ಮೂವತ್ತೇಳೂವರೆ ಇರಬೇಕಿತ್ತು. ಮೂರು ಕಿಲೋ ಯಾರೂ ಕದ್ದಿಲ್ಲ, ಗಾಳಿಗೆ ಹೋಗಿದೆ. ತಂದ ದರದಲ್ಲಿ 240 ರೂಪಾಯಿ.

"ತೂಕ ಆರತೈತಿ, ಎಣಿಕಿ ಆರೂದಿಲ್ಲ," ಅಂದಳು ಅವ್ವ. ನೂರೈವತ್ತು ಹಣ್ಣು ಆರು ದಿನ ಆದರೂ ನೂರೈವತ್ತೇ.

ಆದರೆ ಎಣಿಸಿ ಮಾರುವುದಕ್ಕೆ ತನ್ನದೇ ಆದ ಕಂಟಕ ಉಂಟು. ಒಂದೇ ದರದಲ್ಲಿ ಡಜನ್ ಅಂದರೆ ಗಿರಾಕಿಯ ಕೈ ತಾನೇ ದೊಡ್ಡ ಹಣ್ಣಿಗೆ ಹೋಗುತ್ತದೆ. ಬೆಳಿಗ್ಗೆ ಬಂದವರು ದಪ್ಪನೆಯವನ್ನು ಆರಿಸಿ ಒಯ್ದರೆ ಮಧ್ಯಾಹ್ನದ ಹೊತ್ತಿಗೆ ಗಾಡಿಯ ಮೇಲೆ ಸಣ್ಣವಷ್ಟೇ ಉಳಿದು, ಅದೇ ದರಕ್ಕೆ ಅವನ್ನು ಯಾರೂ ಮುಟ್ಟುವುದಿಲ್ಲ. ತೂಗಿ ಕೊಟ್ಟರೆ ಈ ತಾಪತ್ರಯವಿಲ್ಲ. ದೊಡ್ಡದು ಆರಿಸಿದವನು ದೊಡ್ಡದರ ದುಡ್ಡೇ ಕೊಡುತ್ತಾನೆ. ಅದಕ್ಕೇ ಅವ್ವ ಗಾಡಿ ಹಚ್ಚುವ ಮೊದಲು ಮೂರು ಗುಂಪು ಮಾಡುತ್ತಾಳೆ. ಅಂದು ದೊಡ್ಡವು 48, ನಡುವಿನವು 78, ಸಣ್ಣವು 24. ದೊಡ್ಡವು ಡಜನ್ನಿಗೆ 500, ನಡುವಿನವು 360. ಸಣ್ಣ ಆಪೂಸನ್ನು ಡಜನ್ನಿನ ಲೆಕ್ಕದಲ್ಲಿ ಒಯ್ಯುವವರು ಕಡಿಮೆ, ಶೀಕರಣಿ ಮಾಡುವವರು ಕಿಲೋಗಟ್ಟಲೆ ಒಯ್ಯುತ್ತಾರೆ. ಹಿಚುಕಿ ರಸ ತೆಗೆಯುವವರಿಗೆ ಹಣ್ಣಿನ ರೂಪ ಯಾಕೆ ಬೇಕು? ಆ 24 ಹಣ್ಣು ಸರಿಯಾಗಿ 4 ಕಿಲೋ ತೂಗಿದವು. ಕಿಲೋಕ್ಕೆ 110, ಒಟ್ಟು 440 ರೂಪಾಯಿ.

ಇಲ್ಲಿ ಮಗಳು ನಿಂತಳು.

ಅವಳು ಹೇಗೆ ಯೋಚಿಸಿದಳು ನೋಡಿ. 3,200 ರೂಪಾಯಿಗೆ ಮಾರಲು ಸಿಕ್ಕಿದ್ದು 150 ಹಣ್ಣು. ಕೊಳೆತದ್ದರ ಹೊರೆಯನ್ನೂ ಒಳ್ಳೆಯ ಹಣ್ಣೇ ಹೊರಬೇಕಲ್ಲ. ಒಂದು ಹಣ್ಣಿಗೆ 21 ರೂಪಾಯಿ ಚಿಲ್ಲರೆ, ಡಜನ್ನಿಗೆ ಸರಿಯಾಗಿ 256. ಹಾಗಾದರೆ ಎರಡು ಡಜನ್ ಸಣ್ಣ ಹಣ್ಣಿನ ಅಸಲು 512 ರೂಪಾಯಿ. ಮಾರಿ ಬಂದದ್ದು 440.

"ಆಯಿ, ಸಣ್ಣ ಹಣ್ಣಾಗ ಎಪ್ಪತ್ತೆರಡು ರೂಪಾಯಿ ಹೋತು. ನಾಳಿಂದ ಅವನ್ನ ಮಾರಬ್ಯಾಡ."

"ನಾ ಅವನ್ನ ಎಣಿಸಿ ತಂದಿದ್ನೇನ ತಂಗಿ? ತೂಗಿ ತಂದಿದ್ದೆ."

ಲೆಕ್ಕಪರಿಶೋಧಕರು ಪುಟಗಟ್ಟಲೆ ಬರೆಯುವ ವಿಷಯ ಈ ಒಂದು ಮಾತಿನಲ್ಲಿದೆ. ಕ್ರೇಟಿಗೆ ಕೊಟ್ಟ ದುಡ್ಡನ್ನು ಹಣ್ಣುಗಳ ಮೇಲೆ ಸಮನಾಗಿ ಹಂಚಿದರೆ, ಚಿಕ್ಕ ಹಣ್ಣೂ ದೊಡ್ಡ ಹಣ್ಣೂ ಒಂದೇ ಬೆಲೆಗೆ ಬಂದವು ಎಂದಾಗುತ್ತದೆ. ಮಂಡಿಯಲ್ಲಿ ಹಾಗೆ ಆಗಿರಲಿಲ್ಲ; ಅಲ್ಲಿ ಕಾಟಾದ ಮೇಲೆ ಸಣ್ಣದಕ್ಕೆ ಕಡಿಮೆ, ದೊಡ್ಡದಕ್ಕೆ ಹೆಚ್ಚು ಕೊಟ್ಟಾಗಿತ್ತು. ಈಗ ತೂಕದ ಮೇಲೆ ಹಂಚಿ ನೋಡೋಣ. 3,200 ರೂಪಾಯಿಯನ್ನು ಮೂವತ್ನಾಲ್ಕೂವರೆ ಕಿಲೋದಿಂದ ಭಾಗಿಸಿದರೆ ಮಾಗಿದ ಹಣ್ಣು ಕಿಲೋಕ್ಕೆ ಸುಮಾರು 93 ಬಿತ್ತು. ಸಣ್ಣ ಹಣ್ಣು 4 ಕಿಲೋ, ಅಸಲು 372. ಬಂದದ್ದು 440. ಲಾಭ 68 ರೂಪಾಯಿ.

ಅದೇ ಹಣ್ಣು, ಅದೇ ಗಿರಾಕಿ, ಅದೇ ದುಡ್ಡು. ಎಣಿಕೆಯಲ್ಲಿ ಹಂಚಿದರೆ 72 ಹೋಯಿತು, ತೂಕದಲ್ಲಿ ಹಂಚಿದರೆ 68 ಬಂತು. ಮಗಳು ಎರಡನ್ನೂ ಅಕ್ಕಪಕ್ಕ ಬರೆದು ಬಹಳ ಹೊತ್ತು ನೋಡಿದಳು. ಯಾವುದು ಸುಳ್ಳು? ಭಾಗಾಕಾರದಲ್ಲಿ ತಪ್ಪಿಲ್ಲ. ಒಂದು ಗುಂಪಿನ ಹೊರೆ ಇಳಿಸಿದರೆ ಇನ್ನೊಂದು ಗುಂಪಿನ ಮೇಲೆ ಏರುತ್ತದೆ ಅಷ್ಟೇ; ಸಣ್ಣ ಹಣ್ಣು ಲಾಭದಲ್ಲಿದೆ ಅಂದ ಕೂಡಲೇ ದೊಡ್ಡ ಹಣ್ಣಿನ ಲಾಭ ಕುಗ್ಗುತ್ತದೆ. ಮೂರೂ ಗುಂಪು ಕೂಡಿಸಿದಾಗ ಎರಡೂ ದಾರಿ ಒಂದೇ ಮೊತ್ತಕ್ಕೆ ಬರುತ್ತವೆ. ಸಣ್ಣವನ್ನು ಮಾರಬೇಕೋ ಬೇಡವೋ ಅನ್ನುವುದಕ್ಕಂತೂ ಈ ಹಂಚಿಕೆಯೇ ಬೇಡ. ಅವು ಕ್ರೇಟಿನ ಜೊತೆ ಬಂದೇ ಬಿಟ್ಟಿವೆ. ಮಾರದಿದ್ದರೆ 72 ಉಳಿಯುವುದಿಲ್ಲ, 440 ಹೋಗುತ್ತದೆ.

ಗಿರಾಕಿಗಳಿಗೂ ಇದರಲ್ಲಿ ಒಂದು ಮಾತಿದೆ. ದೊಡ್ಡ ಹಣ್ಣು ಒಂದೊಂದು ಸರಾಸರಿ 276 ಗ್ರಾಂ ಇತ್ತು, ಅಂದರೆ 500 ರೂಪಾಯಿಯ ಡಜನ್ ಕಿಲೋಕ್ಕೆ 151 ಬಿತ್ತು. ನಡುವಿನದು 136. ಶೀಕರಣಿಗೆ ದೊಡ್ಡದನ್ನು ಒಯ್ದವರು ಅದರ ಚೆಂದಕ್ಕೂ ದುಡ್ಡು ಕೊಟ್ಟಂತಾಯಿತು.

ತೋತಾಪುರಿಯ ಲೆಕ್ಕ ಸುಲಭ ಅಂದುಕೊಂಡಿದ್ದೆವು. 25 ಕಿಲೋ, ಕಿಲೋಕ್ಕೆ 24, ಅಸಲು 600. ಮಾರಿದ್ದು 40ರಂತೆ, 800 ರೂಪಾಯಿ ಬಂದಿದೆ, ಅಂದರೆ 20 ಕಿಲೋ ಹೋಗಿದೆ. 5 ಕಿಲೋ ಉಳಿಯಬೇಕು. ತೂಗಿದರೆ 4. ಒಂದು ಕಿಲೋ ಎಲ್ಲಿ? ಕಾಯಿ ಅವತ್ತೇ ತಂದದ್ದು, ಒಂದು ಹಗಲಿನಲ್ಲಿ ಕಿಲೋ ಆರುವಷ್ಟು ಸಮಯವಿಲ್ಲ. ಅವ್ವ ನಕ್ಕಳು. ಒಂದು ತೋತಾಪುರಿ ಮುನ್ನೂರು, ಮುನ್ನೂರೈವತ್ತು ಗ್ರಾಂ. ಮೂರು ಇಟ್ಟರೆ ಒಂದು ಕಿಲೋಕ್ಕೆ ಸರಿಯಾಗಿ ಕೂರುವುದಿಲ್ಲ, ಕಾಟಾ 1.050 ತೋರಿಸುತ್ತದೆ. ಕಾಯಿಯನ್ನು ಕೊಯ್ದು ಐವತ್ತು ಗ್ರಾಂ ತೆಗೆಯಲು ಆಗುತ್ತದೆಯೇ? "ಇರಲಿ ತಗೋರಿ" ಅನ್ನುತ್ತಾಳೆ. ಇಪ್ಪತ್ತು ಸಲ ಐವತ್ತು ಗ್ರಾಂ ಅಂದರೆ ಒಂದು ಕಿಲೋ. ಕಡಿಮೆ ಬಿದ್ದರೆ ಮತ್ತೊಂದು ಸಣ್ಣ ಕಾಯಿ ಏರಿಸಲೇಬೇಕು, ಹಾಗಾಗಿ ತಪ್ಪು ಯಾವಾಗಲೂ ಗಿರಾಕಿಯ ಕಡೆಗೇ ವಾಲುತ್ತದೆ. ಡಜನ್ನಿನಲ್ಲಿ ಈ ಸೋರಿಕೆ ಇಲ್ಲ. ಹನ್ನೆರಡು ಅಂದರೆ ಹನ್ನೆರಡು.

ಈಗ ಕೂಡಿಸುವುದು. ಮಾರಾಟ 5,150. ಮಾಲಿನ ಅಸಲು 3,800. ಆಟೊ, ಹಮಾಲಿ, ಜಾಗದ ಸುಂಕ, ಕಾಗದದ ಚೀಲ ಎಲ್ಲ ಸೇರಿ 200. ಕಳೆದರೆ 1,150. ಮಗಳು ಕೆಳಗೆ ಗೆರೆ ಎಳೆಯುವುದರಲ್ಲಿದ್ದಳು. ಅವ್ವ ಗಾಡಿಯ ಕಡೆ ಬೆರಳು ತೋರಿಸಿದಳು. ದೊಡ್ಡ ಆಪೂಸು ಆರು, ನಡುವಿನವು ಆರು, ತೋತಾಪುರಿ 4 ಕಿಲೋ ಇನ್ನೂ ಅಲ್ಲೇ ಇವೆ. ಅವುಗಳ ಅಸಲನ್ನು ಇವತ್ತಿನ ತಲೆಗೆ ಕಟ್ಟುವಂತಿಲ್ಲ. ಆಪೂಸು ಒಂದು ಡಜನ್, 256, ತೋತಾಪುರಿ 96. ತಿರುಗಿ ಸೇರಿಸಿದರೆ 1,502 ರೂಪಾಯಿ.

ಈ ಹೆಚ್ಚಿನ 352 ರೂಪಾಯಿ ನಂಬಿಕೆಯ ದುಡ್ಡು, ನಾಳೆ ಅವು ಮಾರಿಹೋಗುತ್ತವೆ ಎಂಬ ನಂಬಿಕೆ. ಆಪೂಸು ಮಾಗಿದ ಮೇಲೆ ಎರಡು ದಿನ ತಡೆಯುತ್ತದೆ, ಮೂರನೇ ದಿನ ಸಿಪ್ಪೆ ಸುಕ್ಕಾಗುತ್ತದೆ. ಮಿರಗದ ಮಳೆ ಬಂದರಂತೂ ಕೇಳುವವರಿಲ್ಲ. ಆಮೇಲೆ 1,502 ಒಂದು ದಿನದ ದುಡಿಮೆಯೂ ಅಲ್ಲ. ಆರು ದಿನ ಹುಲ್ಲು ಸರಿಸಿ ನೋಡಿದ್ದಕ್ಕೆ ನಾವು ಕೂಲಿ ಹಿಡಿದಿಲ್ಲ. ಅದನ್ನು ನಾನು ಹೇಳಿದೆ. ಅವ್ವ ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸದ ಹಾಗೆ ಮಾಡಿದಳು.

ಮರುದಿನ ಮುಂಜಾನೆ ಉದ್ರಿ ತೀರಿಸಲು ಮಾಸ್ತರರು ಬಂದರು. ಕೈಯಲ್ಲಿ ಕೊಯ್ದ ಅರ್ಧ ಆಪೂಸು. ಹೊರಗೆ ಚಿನ್ನದ ಬಣ್ಣ, ಒಳಗೆ ಗೊರಟೆಯ ಸುತ್ತ ಬಿಳಿಚಿಕೊಂಡು ಸ್ಪಂಜಿನ ಹಾಗಾದ ತಿರುಳು, ಹುಳಿ. ಆಪೂಸಿಗೆ ಇದೊಂದು ಶಾಪ. ಹೊರಗಿನಿಂದ ಮುಟ್ಟಿ, ಮೂಸಿ ಯಾರೂ ಕಂಡುಹಿಡಿಯಲಾರರು, ಅವ್ವನೂ. ಅವಳು ಮಾತಾಡದೆ ಉಳಿದ ದೊಡ್ಡ ಆರರಲ್ಲಿ ಒಂದನ್ನು ತೆಗೆದು ಮಾಸ್ತರರ ಕೈಗಿಟ್ಟಳು. ಮಗಳು ವಹಿ ತೆರೆದು ನಿನ್ನೆಯ 1,502ರ ಕೆಳಗೆ ಪೆನ್ಸಿಲ್ ಇಟ್ಟಳು.

"ಆಯಿ, ಇದನ್ನ ಎಷ್ಟಂತ ಕಳೀಲಿ? ಎಣಿಕ್ಯಾಗ ಇಪ್ಪತ್ತೊಂದು ಆಗತೈತಿ, ತೂಕದಾಗ ಇಪ್ಪತ್ತಾರು."

"ಮೊದಲ ಮಾಸ್ತರ ಮುನ್ನೂರಾ ಅರವತ್ತು ಎಣಿಸ್ಕೋ," ಅಂದಳು ಅವ್ವ.